ನಿವೃತ್ತಿಯ ಮೊದಲ ವರ್ಷಗಳ ಕುಸಿತಕ್ಕೆ ಎಷ್ಟು ಹಣ ಬದಿಗಿಡಬೇಕು?

ನಲವತ್ತೈದಕ್ಕೋ ಐವತ್ತಕ್ಕೋ ಕೆಲಸ ಬಿಡುವ ಆಲೋಚನೆಯಲ್ಲಿರುವವರ ಲೆಕ್ಕದ ಹಾಳೆಯಲ್ಲಿ ಸಾಮಾನ್ಯವಾಗಿ ಒಂದೇ ಗಳಿಕೆಯ ದರ ಕಾಣಿಸುತ್ತದೆ. ಷೇರು ಫಂಡುಗಳು ವರ್ಷಕ್ಕೆ ಶೇ 11 ಅಥವಾ 12ರಷ್ಟು ಬೆಳೆಯುತ್ತವೆ ಎಂದು ಬರೆದು, ಮನೆಖರ್ಚನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೆ, ಇಡುಗಂಟು ಎಂಬತ್ತೈದನೆಯ ವಯಸ್ಸಿನವರೆಗೂ ಸಾಕಾಗುತ್ತದೆ ಎಂಬ ಉತ್ತರ ಸಿಗುತ್ತದೆ. ದೀರ್ಘಕಾಲದ ಸರಾಸರಿಯಾಗಿ ಆ ದರ ನಿಜವೇ ಆಗಬಹುದು. ಆದರೆ ಪೇಟೆ ಯಾವ ವರ್ಷವೂ ಸರಾಸರಿಯಂತೆ ನಡೆದುಕೊಳ್ಳುವುದಿಲ್ಲ. ಹಣವನ್ನು ಮುಟ್ಟದೆ ಬಿಟ್ಟವನಿಗೆ ಅದರಿಂದ ತೊಂದರೆಯಿಲ್ಲ. ಏರಿಕೆ ಮೊದಲು ಬಂದರೂ ಇಳಿಕೆ ಮೊದಲು ಬಂದರೂ ಗುಣಾಕಾರದ ಕೊನೆಯ ಉತ್ತರ ಒಂದೇ. ಪ್ರತಿವರ್ಷ ಅದರಿಂದಲೇ ಹಣ ತೆಗೆದು ಉಣ್ಣುವವನಿಗೆ ಮಾತ್ರ ಏರಿಳಿತಗಳು ಯಾವ ಸರದಿಯಲ್ಲಿ ಬಂದವು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಹಣಕಾಸು ಸಲಹೆಗಾರರು ಇದನ್ನು ‘ಸೀಕ್ವೆನ್ಸ್ ಆಫ್ ರಿಟರ್ನ್ಸ್’ ಅಪಾಯ ಎನ್ನುತ್ತಾರೆ. ಇಲ್ಲಿ ಸರದಿಯ ಅಪಾಯ ಎನ್ನೋಣ.

ನಮ್ಮದೇ ಷೇರುಪೇಟೆಯ ಒಂದು ದಶಕವನ್ನು ತೆಗೆದುಕೊಂಡು ಇದನ್ನು ಲೆಕ್ಕ ಹಾಕಿ ನೋಡಬಹುದು. 2007ರ ಕೊನೆಯಲ್ಲಿ ಸೆನ್ಸೆಕ್ಸ್ 20,287ರಲ್ಲಿತ್ತು. ಒಂದೇ ವರ್ಷದಲ್ಲಿ ಅದು 9,647ಕ್ಕೆ ಬಿತ್ತು, 2017ರ ಕೊನೆಗೆ 34,057ಕ್ಕೆ ಬಂದಿತ್ತು. ವರ್ಷವಾರು ನೋಡಿದರೆ 2008ರಲ್ಲಿ ಶೇ 52ರ ಕುಸಿತ, 2009ರಲ್ಲಿ ಶೇ 81ರ ಜಿಗಿತ, ಮರುವರ್ಷ ಶೇ 17ರ ಏರಿಕೆ, 2011ರಲ್ಲಿ ಮತ್ತೆ ಶೇ 25ರ ಇಳಿಕೆ. ಆಮೇಲಿನ ಮೂರು ವರ್ಷ ಕ್ರಮವಾಗಿ 26, 9 ಮತ್ತು 30ರ ಏರಿಕೆ, 2015ರಲ್ಲಿ 5ರ ಇಳಿಕೆ, ಕೊನೆಯ ಎರಡು ವರ್ಷ 2 ಮತ್ತು 28ರ ಏರಿಕೆ. 2008ರ ಜನವರಿಯಲ್ಲಿ ನಲವತ್ತೈದು ವಯಸ್ಸಿನ ಒಬ್ಬರು 1 ಕೋಟಿ ರೂಪಾಯಿ ಇಡುಗಂಟಿನೊಂದಿಗೆ ಕೆಲಸ ಬಿಟ್ಟರು ಎಂದುಕೊಳ್ಳೋಣ. ಹಣವೆಲ್ಲ ಸೂಚ್ಯಂಕದ ಷೇರುಗಳಲ್ಲೇ ಇದೆ. ವರ್ಷದ ಆರಂಭದಲ್ಲಿ 5 ಲಕ್ಷ ತೆಗೆಯುತ್ತಾರೆ, ಬೆಲೆಯೇರಿಕೆಗಾಗಿ ಆ ಮೊತ್ತವನ್ನು ಪ್ರತಿವರ್ಷ ಶೇ 7ರಷ್ಟು ಹೆಚ್ಚಿಸುತ್ತಾರೆ. ಡಿವಿಡೆಂಡ್, ತೆರಿಗೆ, ಫಂಡಿನ ಶುಲ್ಕ ಯಾವುದನ್ನೂ ಸೇರಿಸಿಲ್ಲ. ಡಿವಿಡೆಂಡ್ ಸೇರಿಸಿದರೆ ಅಂಕಿಗಳು ಕೊಂಚ ಮೇಲೇರುತ್ತವೆ, ಆದರೆ ಚಿತ್ರ ಬದಲಾಗುವುದಿಲ್ಲ.

ಹತ್ತು ವರ್ಷ ಮುಗಿದಾಗ ಈ ವ್ಯಕ್ತಿಯ ಕೈಯಲ್ಲಿ ಉಳಿಯುವುದು ಸುಮಾರು 48 ಲಕ್ಷ. ಅಷ್ಟರಲ್ಲಿ ವರ್ಷದ ಖರ್ಚು 10 ಲಕ್ಷದ ಹತ್ತಿರ ಬಂದಿರುವುದರಿಂದ, ಐವತ್ತೈದರ ವಯಸ್ಸಿಗೆ ಐದೇ ವರ್ಷದ ಅನ್ನ ಉಳಿದಂತಾಯಿತು. ಈಗ ಅದೇ ಹತ್ತು ವರ್ಷಗಳನ್ನು ತಿರುಗಿಸಿ ಜೋಡಿಸೋಣ: 2017ರ ಏರಿಕೆ ಮೊದಲ ವರ್ಷಕ್ಕೆ, 2008ರ ಕುಸಿತ ಹತ್ತನೆಯ ವರ್ಷಕ್ಕೆ. ಸರಾಸರಿ ಅದೇ, ತೆಗೆದ ಹಣವೂ ಅದೇ. ಕೊನೆಗೆ ಉಳಿಯುವುದು ಮಾತ್ರ 98 ಲಕ್ಷ. ಇದರೊಳಗೆ ಇನ್ನೊಂದು ವಿಚಿತ್ರವಿದೆ. ತಿರುಗಿಸಿದ ಸರದಿಯಲ್ಲಿ ಕೊನೆಯ ವರ್ಷದ ಕುಸಿತ 1 ಕೋಟಿ ರೂಪಾಯಿಗಿಂತ ಹೆಚ್ಚನ್ನು ನುಂಗಿತು. ನಿಜವಾದ ಸರದಿಯಲ್ಲಿ ಅದೇ ಕುಸಿತ ನುಂಗಿದ್ದು 50 ಲಕ್ಷಕ್ಕಿಂತ ತುಸು ಕಡಿಮೆ. ರೂಪಾಯಿಯ ಲೆಕ್ಕದಲ್ಲಿ ಇಮ್ಮಡಿ ಕಳೆದುಕೊಂಡವರೇ ಕೊನೆಗೆ ಇಮ್ಮಡಿ ಶ್ರೀಮಂತರು. ಹಾಗಾದರೆ ಇಡುಗಂಟನ್ನು ಕರಗಿಸಿದ್ದು ಕುಸಿತವಲ್ಲ, ಕುಸಿತದ ಬೆನ್ನಿಗೇ ಮಾಡಿದ ಮಾರಾಟ.

ಯೂನಿಟ್‌ಗಳ ಲೆಕ್ಕದಲ್ಲಿ ಇದು ಇನ್ನೂ ಸ್ಪಷ್ಟ. 2008ರ ಜನವರಿಯಲ್ಲಿ ಖರ್ಚಿಗಾಗಿ ನೂರರಲ್ಲಿ ಐದು ಯೂನಿಟ್ ಮಾರಿದರೆ ಸಾಕಿತ್ತು. ಮರುವರ್ಷ ಬೆಲೆ ಅರ್ಧಕ್ಕಿಂತ ಕೆಳಗಿಳಿದಿದ್ದರಿಂದ, ಉಳಿದವುಗಳಲ್ಲಿ ಪ್ರತಿ ನೂರಕ್ಕೆ ಹನ್ನೆರಡರಷ್ಟನ್ನು ಮಾರಬೇಕಾಯಿತು. ಹೀಗೆ ಮಾರಿದ ಯೂನಿಟ್‌ಗಳು 2009ರ ಶೇ 81ರ ಜಿಗಿತದಲ್ಲಿ ಪಾಲು ಪಡೆಯಲು ಖಾತೆಯಲ್ಲೇ ಇರಲಿಲ್ಲ, ಅದರ ನಂತರದ ಯಾವ ಏರಿಕೆಯಲ್ಲೂ ಇರಲಿಲ್ಲ. ಬರಗಾಲದಲ್ಲಿ ಬಿತ್ತನೆಯ ಬೀಜವನ್ನೇ ಅಟ್ಟು ಉಂಡವನಿಗೆ ಮುಂದಿನ ಮಳೆ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಹತ್ತನೆಯ ವರ್ಷದಲ್ಲಿ ಪೇಟೆ ಬಿದ್ದರೆ ಅಷ್ಟರಲ್ಲಿ ಇಡುಗಂಟು ಬೆಳೆದಿರುತ್ತದೆ, ಅದು ಸಾಕಬೇಕಾದ ವರ್ಷಗಳೂ ಕಡಿಮೆಯಾಗಿರುತ್ತವೆ. ಅರವತ್ತಕ್ಕೆ ನಿವೃತ್ತರಾಗುವವರಿಗೂ ಈ ಅಪಾಯ ಇದ್ದೇ ಇದೆ. ಆದರೆ ನಲವತ್ತೈದಕ್ಕೆ ಬಿಡುವವರು ಮೊದಲ ಪೆಟ್ಟಿನ ನಂತರ ಇನ್ನೂ ಮೂವತ್ತೈದು ನಲವತ್ತು ವರ್ಷ ಅದೇ ಕುಗ್ಗಿದ ಗಂಟಿನಿಂದ ಬದುಕಬೇಕು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ, ಕೆಲವು ವರ್ಷಗಳ ಖರ್ಚನ್ನು ಠೇವಣಿಯಂಥ ಸುರಕ್ಷಿತ ಜಾಗದಲ್ಲಿಟ್ಟು, ಪೇಟೆ ಬಿದ್ದಾಗ ಷೇರು ಮುಟ್ಟದೆ ಅದರಿಂದಲೇ ಬದುಕುವುದು. ಇದನ್ನೂ ಅದೇ ದಶಕದಲ್ಲಿ ಪರೀಕ್ಷಿಸೋಣ. 1 ಕೋಟಿಯಲ್ಲಿ 25 ಲಕ್ಷವನ್ನು, ಅಂದರೆ ಬೆಲೆಯೇರಿಕೆ ಸೇರಿಸಿದರೆ ಸುಮಾರು ನಾಲ್ಕು ವರ್ಷದ ಖರ್ಚನ್ನು, ತೆರಿಗೆ ಕಳೆದು ಶೇ 6 ಬಡ್ಡಿ ಬರುವ ಠೇವಣಿಯಲ್ಲಿಡಲಾಗಿದೆ. ನಿಯಮ ಇಷ್ಟೇ: ಸೂಚ್ಯಂಕ ತನ್ನ ಹಿಂದಿನ ಶಿಖರಕ್ಕಿಂತ ಶೇ 10ಕ್ಕೂ ಹೆಚ್ಚು ಕೆಳಗಿದ್ದರೆ ಖರ್ಚಿನ ಹಣ ಠೇವಣಿಯಿಂದ, ಇಲ್ಲವಾದರೆ ಷೇರಿನಿಂದ, ಸೂಚ್ಯಂಕ ಹೊಸ ಎತ್ತರ ಮುಟ್ಟಿದಾಗ ಷೇರು ಮಾರಿ ಠೇವಣಿಯನ್ನು ಮತ್ತೆ ನಾಲ್ಕು ವರ್ಷದ ಖರ್ಚಿನಷ್ಟಕ್ಕೆ ತುಂಬಿಸುವುದು. ಈ ನಿಯಮದಂತೆ 2009 ಮತ್ತು 2010ರ ಖರ್ಚು ಠೇವಣಿಯಿಂದ ಬಂತು, 2011ರ ಜನವರಿಯಲ್ಲಿ ಪೇಟೆ ಹಳೆಯ ಮಟ್ಟ ದಾಟಿದ್ದರಿಂದ ಠೇವಣಿ ತುಂಬಿತು, ಆ ವರ್ಷದ ಇಳಿಕೆಯ ನಂತರ 2012ರ ಖರ್ಚು ಮತ್ತೆ ಠೇವಣಿಯಿಂದ ಹೋಯಿತು. ಹತ್ತು ವರ್ಷದ ಕೊನೆಗೆ ಎರಡೂ ಸೇರಿ ಉಳಿದದ್ದು ಸುಮಾರು 64 ಲಕ್ಷ. ಎಲ್ಲವನ್ನೂ ಷೇರಿನಲ್ಲಿಟ್ಟವರ 48 ಲಕ್ಷಕ್ಕೆ ಹೋಲಿಸಿದರೆ 16 ಲಕ್ಷ ಹೆಚ್ಚು. ಬಹಳಷ್ಟು ಸಲಹೆಗಳು ಇಲ್ಲಿಗೇ ಮುಗಿಯುತ್ತವೆ.

ಆದರೆ ಲೆಕ್ಕ ಬಲ್ಲ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು, ಅದು ನ್ಯಾಯವಾದದ್ದೇ. ಈ ಲಾಭ ಠೇವಣಿಯನ್ನು ಪ್ರತ್ಯೇಕ ಡಬ್ಬಿಯಾಗಿ ಇಟ್ಟದ್ದರಿಂದ ಬಂತೋ, ಇಲ್ಲ ಷೇರಿನ ಪಾಲು ನೂರರಿಂದ ಎಪ್ಪತ್ತೈದಕ್ಕೆ ಇಳಿದದ್ದರಿಂದ ಬಂತೋ? ತಿಳಿಯಬೇಕಾದರೆ ಡಬ್ಬಿಯ ನಿಯಮವನ್ನೆಲ್ಲ ಕೈಬಿಟ್ಟು, ಪ್ರತಿ ಜನವರಿಯಲ್ಲಿ ಖರ್ಚು ತೆಗೆದ ಮೇಲೆ ಉಳಿದ ಹಣವನ್ನು ಶೇ 75 ಷೇರು, ಶೇ 25 ಠೇವಣಿ ಎಂಬ ಅನುಪಾತಕ್ಕೆ ಮರಳಿ ತರುತ್ತ ಹೋಗಬೇಕು. ಹೀಗೆ ಮಾಡಿದರೆ ಅದೇ ದಶಕದ ಕೊನೆಗೆ ಉಳಿಯುವುದು ಸುಮಾರು 77 ಲಕ್ಷ. ಡಬ್ಬಿಯ ನಿಯಮ ಪಾಲಿಸಿದವರಿಗಿಂತ 13 ಲಕ್ಷ ಹೆಚ್ಚು! ಕಾರಣ ಹುಡುಕಿದರೆ ಎರಡು ಕಡೆ ಸಿಗುತ್ತದೆ. ಕುಸಿತದ ನಂತರ, 2009ರ ಜನವರಿಯಲ್ಲಿ, ಡಬ್ಬಿಯವರ ಒಟ್ಟು 60 ಲಕ್ಷದಲ್ಲಿ 26 ಲಕ್ಷಕ್ಕೂ ಹೆಚ್ಚು ಠೇವಣಿಯಲ್ಲೇ ಕೂತಿತ್ತು. ಅನುಪಾತ ಸರಿಪಡಿಸಿದವರು ತಮ್ಮ ಠೇವಣಿಯಿಂದ ಖರ್ಚು ತೆಗೆದದ್ದಲ್ಲದೆ ಮಿಕ್ಕಿದ್ದರಲ್ಲಿ ಒಂದಷ್ಟನ್ನು ಅಗ್ಗದ ಷೇರಿಗೆ ಹಾಕಿದ್ದರು, ಅದಕ್ಕೂ ಶೇ 81ರ ಜಿಗಿತ ದಕ್ಕಿತು. ಎರಡನೆಯದು ನಿಧಾನವಾಗಿ ಕೊರೆಯುವಂಥದ್ದು. ನಾಲ್ಕು ವರ್ಷದ ಖರ್ಚು ಎಂಬ ಗುರಿ ಬೆಲೆಯೇರಿಕೆಯೊಂದಿಗೆ ಬೆಳೆಯುತ್ತದೆ, ಇಡುಗಂಟು ಮಾತ್ರ ಕುಗ್ಗುತ್ತಿರುತ್ತದೆ. ಹಾಗಾಗಿ ಡಬ್ಬಿಯನ್ನು ತುಂಬಿಸುತ್ತ ತುಂಬಿಸುತ್ತ ಷೇರಿನ ಪಾಲು ತಾನಾಗಿ ಕರಗಿ, ಹತ್ತನೆಯ ವರ್ಷದ ಕೊನೆಗೆ 64ರಲ್ಲಿ 26 ಲಕ್ಷಕ್ಕೆ ಇಳಿದಿತ್ತು. ಇನ್ನೂ ಮೂವತ್ತು ವರ್ಷ ಬದುಕಬೇಕಾದವರಿಗೆ ಬೆಳೆಯುವ ಹಣವೇ ಅಲ್ಪಸಂಖ್ಯಾತವಾದಂತಾಯಿತು.

ಹಾಗೆಂದು ಅನುಪಾತದ ದಾರಿಯೇ ಸದಾ ಗೆಲ್ಲುತ್ತದೆ ಎನ್ನುವಂತಿಲ್ಲ. ನಾವು ಆರಿಸಿಕೊಂಡ ದಶಕದಲ್ಲಿ ಪೇಟೆ ಬಿದ್ದ ಮೇಲೆ ಬೇಗನೆ ಎದ್ದಿತು, ಅಂಥ ದಶಕ ಬಿದ್ದಾಗ ಕೊಂಡವರಿಗೆ ಒಲಿಯುತ್ತದೆ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಕೊನೆಯ ವಹಿವಾಟಿನ ದಿನ ಮುಟ್ಟಿದ 38,915ರ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಅಲ್ಲಿ ವರ್ಷವರ್ಷವೂ ಠೇವಣಿ ಒಡೆದು ಬೀಳುವ ಷೇರಿಗೆ ಹಾಕುತ್ತ ಹೋದವರ ಸುರಕ್ಷಿತ ಹಣವೂ ಕರಗಿಹೋಗುತ್ತಿತ್ತು. ಇದಲ್ಲದೆ ಮನಸ್ಸಿನ ಪ್ರಶ್ನೆಯಿದೆ. 2009ರ ಜನವರಿಯಲ್ಲಿ ಸಂಬಳವಿಲ್ಲದ, ಅರ್ಧ ಆಸ್ತಿ ಕಳೆದುಕೊಂಡ ಮನುಷ್ಯ ಉಳಿದ ಠೇವಣಿಯಿಂದ ಷೇರು ಕೊಳ್ಳುತ್ತಾನೆಂದು ಹಾಳೆಯ ಮೇಲೆ ಬರೆಯುವುದು ಸುಲಭ. ನಾಲ್ಕು ವರ್ಷದ ಅಕ್ಕಿಬೇಳೆಯ ಹಣ ಬೇರೆಯೇ ಇದೆ ಎಂಬ ಧೈರ್ಯವೇ ಅನೇಕರನ್ನು ತಳದಲ್ಲಿ ಎಲ್ಲವನ್ನೂ ಮಾರಿ ಓಡದಂತೆ ತಡೆಯುತ್ತದೆ. ಎಲ್ಲವನ್ನೂ ಮಾರಿದವರ ಲೆಕ್ಕವನ್ನು ಮೇಲಿನ ಯಾವ ಅಂಕಿಯೂ ತೋರಿಸುವುದಿಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಆದ್ದರಿಂದ ನನಗೆ ಸರಿ ಕಾಣುವುದು ಇವೆರಡನ್ನೂ ಬೆಸೆದ ನಿಯಮ. ಕೆಲಸ ಬಿಡುವಾಗ ನಾಲ್ಕೈದು ವರ್ಷದ ಖರ್ಚು ಸುರಕ್ಷಿತ ಜಾಗದಲ್ಲಿರಲಿ, ಆದರೆ ಅದನ್ನು ವರ್ಷಗಳ ಲೆಕ್ಕದಲ್ಲಷ್ಟೇ ಅಲ್ಲದೆ ಒಟ್ಟು ಇಡುಗಂಟಿನ ಶೇಕಡಾವಾರು ಪಾಲಾಗಿಯೂ ಬರೆದಿಡಿ. ಪ್ರತಿವರ್ಷ ಒಂದೇ ತಿಂಗಳಲ್ಲಿ, ಖರ್ಚು ತೆಗೆದ ನಂತರ, ಆ ಪಾಲಿಗೆ ಮರಳಿ ಬನ್ನಿ. ಒಂದೇ ಒಂದು ತಡೆ: ಸುರಕ್ಷಿತ ಹಣ ಎಂದೂ ಎರಡು ವರ್ಷದ ಖರ್ಚಿಗಿಂತ ಕೆಳಗಿಳಿಯುವಂತೆ ಷೇರು ಕೊಳ್ಳಬಾರದು. ನಮ್ಮ ಉದಾಹರಣೆಯಲ್ಲಿ 2009ರ ಜನವರಿಯಲ್ಲಿ ಶೇ 25ರ ಪಾಲು ಎಂದರೆ 13 ಲಕ್ಷಕ್ಕೂ ಹೆಚ್ಚು. ಮುಂದಿನ ಎರಡು ವರ್ಷಕ್ಕೆ 12 ಲಕ್ಷದ ಒಳಗೇ ಸಾಕಿದ್ದರಿಂದ, ತಳದಲ್ಲಿ ಕೊಂಡ ಮೇಲೂ ತಡೆ ಮುರಿಯುತ್ತಿರಲಿಲ್ಲ. ಪೇಟೆ ವರ್ಷಗಟ್ಟಲೆ ಏಳದೆ ಮಲಗಿದರೆ ಮಾತ್ರ ತಡೆ ಕೆಲಸಕ್ಕೆ ಬಂದು, ಜಪಾನಿನಂಥ ಸ್ಥಿತಿಯಲ್ಲಿ ಠೇವಣಿಯೆಲ್ಲ ಷೇರಿಗೆ ಸುರಿದುಹೋಗುವುದನ್ನು ನಿಲ್ಲಿಸುತ್ತದೆ. ಷೇರು ಫಂಡ್ ಮಾರುವಾಗ, ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ ಯೂನಿಟ್‌ಗಳ ಲಾಭ ಆರ್ಥಿಕ ವರ್ಷವೊಂದರಲ್ಲಿ 1.25 ಲಕ್ಷ ದಾಟಿದರೆ ದಾಟಿದಷ್ಟಕ್ಕೆ ಶೇ 12.5 ತೆರಿಗೆ ಇರುವುದರಿಂದ, ಮಾರಾಟವನ್ನು ಮಾರ್ಚ್ ಮತ್ತು ಏಪ್ರಿಲ್‌ಗಳಿಗೆ ಹಂಚಿಕೊಂಡರೆ ಎರಡು ವರ್ಷದ ವಿನಾಯಿತಿ ಸಿಗುತ್ತದೆ.

ನಾಲ್ಕೈದೇ ವರ್ಷ ಏಕೆ, ಹತ್ತೇಕೆ ಬೇಡ? 2008ರ ಕುಸಿತದಿಂದ ಸೆನ್ಸೆಕ್ಸ್ ಮೇಲೇಳಲು 2010ರ ಕೊನೆಯವರೆಗೆ, ಅಂದರೆ ಮೂರು ವರ್ಷ ಬೇಕಾಯಿತು. 2020ರ ಮಾರ್ಚ್ 23ರಂದು 25,981ಕ್ಕೆ ಬಿದ್ದದ್ದು ಅದೇ ವರ್ಷ ಮುಗಿಯುವುದರೊಳಗೆ ಹಳೆಯ ಎತ್ತರ ದಾಟಿತು. ಇಂಥ ಕುಸಿತಗಳನ್ನು ನಾಲ್ಕು ವರ್ಷದ ಹಣ ದಾಟಿಸುತ್ತದೆ. ಆದರೆ ಹರ್ಷದ್ ಮೆಹ್ತಾ ಕಾಲದಲ್ಲಿ, 1992ರ ಏಪ್ರಿಲ್‌ನಲ್ಲಿ 4,400 ದಾಟಿದ್ದ ಸೂಚ್ಯಂಕ, ನಡುವೆ ಒಂದೆರಡು ಬಾರಿ ಅದಕ್ಕಿಂತ ಮೇಲೇರಿಯೂ, 2002ರ ಕೊನೆಯಲ್ಲಿ 3,377ರಲ್ಲೇ ಇತ್ತು. ಬೆಲೆಯೇರಿಕೆ ಅದರ ಮೇಲಿನ ಹೊರೆ. ಇಂಥ ದಶಕವನ್ನು ನಾಲ್ಕಲ್ಲ, ಎಂಟು ವರ್ಷದ ಠೇವಣಿಯೂ ನೀಗಿಸಲಾರದು. ಹತ್ತು ವರ್ಷದ ಖರ್ಚನ್ನು ಶೇ 6ರಲ್ಲಿ ಮಲಗಿಸಿದರೆ ಬೆಲೆಯೇರಿಕೆಯೇ ಇಡುಗಂಟನ್ನು ಮೆಲ್ಲಗೆ ತಿನ್ನುತ್ತದೆ. ಸುರಕ್ಷಿತ ಹಣ ಕೊಡುವುದು ಕಾಲಾವಕಾಶ, ಅಷ್ಟೆ. ಇಡುಗಂಟಿಗೆ ಮೀರಿದ ಖರ್ಚನ್ನು ಅದು ಕಾಪಾಡುವುದಿಲ್ಲ.

ಖರ್ಚಿನ ಕಡೆ ತಿರುಗಿದರೆ ನಿಜವಾದ ಹಿಡಿತ ಸಿಗುತ್ತದೆ. ಶೇ 75 ಮತ್ತು 25ರ ಅದೇ ಅನುಪಾತ, ಅದೇ 2008ರ ದುರದೃಷ್ಟದ ಆರಂಭ. ಮೊದಲ ವರ್ಷದ ಖರ್ಚು ಮಾತ್ರ 5 ಲಕ್ಷದ ಬದಲು 4 ಲಕ್ಷ ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಕೊನೆಗೆ 77ರ ಬದಲು 1 ಕೋಟಿ ಉಳಿಯುತ್ತದೆ. 3 ಲಕ್ಷಕ್ಕೆ ಇಳಿಸಿದರೆ 1.23 ಕೋಟಿ. ಮುಂದಿನ ವರ್ಷ ತೆಗೆಯಬೇಕಾದ ಮೊತ್ತ ಆಗಿನ ಇಡುಗಂಟಿನ ಶೇಕಡಾ ಎಷ್ಟು ಎಂದು ನೋಡಿದರೆ ಇದು ಇನ್ನೂ ಗಂಭೀರ: 5 ಲಕ್ಷದಿಂದ ಶುರುಮಾಡಿದವರಿಗೆ ಸುಮಾರು 13, 4 ಲಕ್ಷದವರಿಗೆ 8, 3 ಲಕ್ಷದವರಿಗೆ 5ಕ್ಕೂ ಕಡಿಮೆ. ಅಮೆರಿಕದ ವಿಲಿಯಂ ಬೆಂಗೆನ್ 1994ರಲ್ಲಿ ಮುಂದಿಟ್ಟ ಶೇ 4ರ ಸೂತ್ರವನ್ನು ಇಲ್ಲಿ ಹಲವರು ಹಾಗೆಯೇ ಎತ್ತಿಕೊಳ್ಳುತ್ತಾರೆ. ಅದು ಅಮೆರಿಕದ ಪೇಟೆಯ ಇತಿಹಾಸದಿಂದ, ಮೂವತ್ತು ವರ್ಷದ ನಿವೃತ್ತಿಗಾಗಿ ತೆಗೆದ ಅಂಕಿ. ನಲವತ್ತಕ್ಕೂ ಹೆಚ್ಚು ವರ್ಷ ಬದುಕಬೇಕಾದ, ಇಲ್ಲಿನ ಬೆಲೆಯೇರಿಕೆ ಎದುರಿಸಬೇಕಾದ ನಮ್ಮವರು ಶೇ 3ರ ಆಸುಪಾಸಿನಿಂದ ಆರಂಭಿಸುವುದು ವಿವೇಕ. ಆಗ 25 ಲಕ್ಷ ಎಂಬುದು ನಾಲ್ಕಲ್ಲ, ಸುಮಾರು ಏಳು ವರ್ಷದ ಖರ್ಚಾಗುತ್ತದೆ ಎಂಬುದನ್ನೂ ಗಮನಿಸಿ. ಖರ್ಚು ಇಳಿದಷ್ಟೂ ಅದೇ ಠೇವಣಿ ತಾನಾಗಿ ಉದ್ದವಾಗುತ್ತದೆ.

ಸುರಕ್ಷಿತ ಎಂಬ ಮಾತಿನಲ್ಲಿ ಮೋಸಹೋಗುವವರೂ ಕಡಿಮೆಯಿಲ್ಲ. ಒಂದು ಒಂದೂವರೆ ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಈ ಹಣವನ್ನು ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಇಡುವುದು ನಮ್ಮಲ್ಲಿ ಹಳೆಯ ಅಭ್ಯಾಸ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು 35,000 ರೂಪಾಯಿ. ಅದೇ ವರ್ಷದ ಏಪ್ರಿಲ್‌ನಲ್ಲಿ, ಷೇರುಪೇಟೆ ಕುಸಿದಿದ್ದ ಹೊತ್ತಿನಲ್ಲೇ, ಫ್ರಾಂಕ್ಲಿನ್ ಟೆಂಪಲ್‌ಟನ್ ತನ್ನ ಆರು ಸಾಲಪತ್ರ ಫಂಡುಗಳನ್ನು ಮುಚ್ಚಿ ಹಣ ವಾಪಸಾತಿ ನಿಲ್ಲಿಸಿತು. ಹೆಚ್ಚು ಗಳಿಕೆಗಾಗಿ ಕಡಿಮೆ ದರ್ಜೆಯ ಸಾಲಪತ್ರ ಕೊಂಡ ಫಂಡುಗಳವು. ಈ ಹಣ ಬೇಕಾಗುವುದೇ ಎಲ್ಲ ಕೆಟ್ಟು ನಿಂತ ಹೊತ್ತಿನಲ್ಲಿ, ಹಾಗಾಗಿ ಅದು ಷೇರಿನೊಂದಿಗೇ ಕೆಡುವ ಜಾಗದಲ್ಲಿ ಇರಬಾರದು. ಒಂದು ವರ್ಷದ ಖರ್ಚು ಉಳಿತಾಯ ಖಾತೆ ಮತ್ತು ಲಿಕ್ವಿಡ್ ಫಂಡಿನಲ್ಲಿ, ಉಳಿದದ್ದು ಒಂದು, ಎರಡು, ಮೂರು, ನಾಲ್ಕು ವರ್ಷಕ್ಕೆ ಪಕ್ವವಾಗುವ ಬೇರೆ ಬೇರೆ ಎಫ್‌ಡಿಗಳಲ್ಲಿ ಇದ್ದರೆ ಪ್ರತಿವರ್ಷ ಒಂದು ಬಿಡುಗಡೆಯಾಗುತ್ತ ಹೋಗುತ್ತದೆ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ, ಆದ್ದರಿಂದ ಎರಡು ಮೂರು ಬ್ಯಾಂಕುಗಳಲ್ಲಿ, ಗಂಡಹೆಂಡಿರ ಹೆಸರಿನಲ್ಲಿ ಹಂಚುವುದು ಮೇಲು. ಒಳ್ಳೆಯ ಬಡ್ಡಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಾಮಾನ್ಯವಾಗಿ ತೆರೆಯುವುದು 60ಕ್ಕೆ, ನಿವೃತ್ತಿ ಹೊಂದಿದ ನೌಕರರಿಗೆ 55ರಿಂದ. ನಲವತ್ತೈದರವರ ಲೆಕ್ಕದಲ್ಲಿ ಅದು ಬರಬಾರದು. ಚಿನ್ನವನ್ನೂ ಸೈಟನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಸೈಟನ್ನಂತೂ ತಿಂಗಳ ಖರ್ಚಿಗೆ ಬೇಕಾದಷ್ಟೇ ತುಂಡು ಮಾಡಿ ಮಾರಲು ಬರುವುದಿಲ್ಲ.

ಉಳಿದದ್ದು ಠೇವಣಿಯಲ್ಲಿ ಮಲಗಿದ ಹಣದ ನಷ್ಟದ ಮಾತು. ಶೇ 6ರಲ್ಲಿರುವ 25 ಲಕ್ಷ ಹತ್ತು ವರ್ಷಕ್ಕೆ 45 ಲಕ್ಷವಾಗುತ್ತದೆ, ಷೇರಿನಲ್ಲಿ ಶೇ 11 ಬಂದಿದ್ದರೆ 71 ಲಕ್ಷ. ಈ ವ್ಯತ್ಯಾಸ ನಿಜ, ಅದನ್ನು ವಿಮೆಯ ಕಂತು ಎಂದೇ ಎಣಿಸಬೇಕು. ಆದರೆ ಎಲ್ಲರೂ ಒಂದೇ ಕಂತು ಕಟ್ಟಬೇಕಿಲ್ಲ. ಹೆಂಡತಿಯದೋ ಗಂಡನದೋ ಸಂಬಳ ಇನ್ನೂ ಬರುತ್ತಿದ್ದರೆ, ಮನೆ ಬಾಡಿಗೆ ಅರ್ಧ ಖರ್ಚನ್ನು ತೂಗುತ್ತಿದ್ದರೆ, ಇಡುಗಂಟಿನಿಂದ ತೆಗೆಯುವ ಅಂಶಕ್ಕಷ್ಟೇ ನಾಲ್ಕು ವರ್ಷ ಲೆಕ್ಕ ಹಾಕಿದರೆ ಸಾಕು. ಕೊನೆಯವರೆಗೂ ಕಟ್ಟಬೇಕಾಗಿಯೂ ಇಲ್ಲ. ಪ್ರತಿ ಜನವರಿಯಲ್ಲಿ ಆ ವರ್ಷದ ಖರ್ಚನ್ನು ಆಗಿನ ಇಡುಗಂಟಿನಿಂದ ಭಾಗಿಸಿ ಒಂದು ಕಡೆ ಬರೆದಿಡಿ. ಶೇ 3ರಿಂದ ಆರಂಭಿಸಿದವರಿಗೆ ಹತ್ತು ವರ್ಷದ ನಂತರವೂ ಅದು 3ರ ಒಳಗೇ ಇದ್ದರೆ ಅಪಾಯದ ವರ್ಷಗಳು ಬಹುಮಟ್ಟಿಗೆ ಕಳೆದಿವೆ, ಸುರಕ್ಷಿತ ಪಾಲನ್ನು ಮೂರು ವರ್ಷದ ಖರ್ಚಿಗೆ ಇಳಿಸಬಹುದು. ಅದು 4 ದಾಟಿದರೆ ಆ ವರ್ಷ ಬೆಲೆಯೇರಿಕೆಯ ಹೆಚ್ಚಳವನ್ನು ಕೈಬಿಡಿ. 5 ದಾಟಿದರೆ ಠೇವಣಿಯಲ್ಲಿ ಎಷ್ಟೇ ಹಣವಿದ್ದರೂ ಖರ್ಚನ್ನೇ ಹತ್ತರಲ್ಲಿ ಒಂದು ಪಾಲು ಇಳಿಸಿ, ಇಲ್ಲವೇ ಅಷ್ಟು ಸಂಪಾದಿಸುವ ಅರೆಕಾಲಿಕ ಕೆಲಸ ಹುಡುಕಿ. ಕೆಲಸ ಬಿಟ್ಟ ಎರಡು ಮೂರು ವರ್ಷದೊಳಗೆ ಇದು ಸಾಧ್ಯವಾದಷ್ಟು ಸುಲಭವಾಗಿ ಹತ್ತು ವರ್ಷದ ಮೇಲೆ ಸಾಧ್ಯವಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಹಳೆಯ ಪರಿಚಯಗಳೂ ಕೈಯ ಕಸುಬೂ ಹಳತಾಗಿರುತ್ತವೆ.